ಅರಿಶಿನದ ಫೋಟೋ ಹೋಯ್ತು, ಅಕ್ಕಿಕಾಳು ಉಳೀತು

ದಾವಣಗೆರೆಯ ಪಿ.ಜೆ. ಬಡಾವಣೆಯ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮದುವೆ ಸೀಸನ್‌ನಲ್ಲಿ ಒಂದು ಸಂಜೆ ಪರಿಚಯದ ಫೋಟೋಗ್ರಾಫರ್ 32 ಜಿಬಿ ಕಾರ್ಡ್ ಹಿಡಿದು ಬಂದ. ಬೆಳಗಿನ ಮದುವೆಯ ಫೋಟೋಗಳನ್ನು ಕಾಪಿ ಮಾಡುವ ಮೊದಲೇ ಅವನ ಅಸಿಸ್ಟೆಂಟ್ ಹುಡುಗ ಕ್ಯಾಮೆರಾದಲ್ಲೇ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದ.

"ಅಣ್ಣಾ, ಬರ್ತಾವಾ?"

"ಆಮೇಲೆ ಏನಾದ್ರೂ ತೆಗೆದ್ರಾ?"

ಇದನ್ನೇ ನಾನು ಮೊದಲು ಕೇಳುವುದು. ನಾಮಕರಣವೊಂದರ ನಲವತ್ತು ಫೋಟೋ, ಒಂದು ನಿಮಿಷದ ವಿಡಿಯೋ ತೆಗೆದಿದ್ದರಂತೆ. ಒಟ್ಟು ಸುಮಾರು 700 ಎಂಬಿ.

ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟ್ ಫೋಟೋಗಳನ್ನು ಅಳಿಸುವುದಿಲ್ಲ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಖಾಲಿ ಮಾಡುತ್ತದೆ. ಲಾಡ್ಜ್‌ನ ರಿಜಿಸ್ಟರ್ ಹರಿದುಹಾಕಿದರೂ ರೂಮಿನಲ್ಲಿ ಜನ ಇದ್ದೇ ಇರ್ತಾರಲ್ಲ, ಹಾಗೆ. ಆದರೆ ರಿಜಿಸ್ಟರ್ ಖಾಲಿ ನೋಡಿ ಕ್ಯಾಮೆರಾ ಹೊಸ ಫೋಟೋವನ್ನು ಸಾಮಾನ್ಯವಾಗಿ ಕಾರ್ಡಿನ ಆರಂಭದಿಂದಲೇ ಬರೆಯುತ್ತದೆ. ಅಲ್ಲಿ ಇದ್ದದ್ದು ಬೆಳಗಿನ ಮೊದಲ ಫೋಟೋಗಳು. ಒಮ್ಮೆ ಮೇಲೆ ಬರೆದರೆ ಯಾವ ಸಾಫ್ಟ್‌ವೇರೂ ಅದನ್ನು ವಾಪಸ್ ತರಲ್ಲ. (ಕೆಲವು ಕ್ಯಾಮೆರಾಗಳಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಅಂತ ಬೇರೆ ಆಯ್ಕೆ ಇರುತ್ತದೆ. ಅದನ್ನು ಒತ್ತಿದ್ದರೆ ನಾನೂ ಕೈ ಚೆಲ್ಲಬೇಕಿತ್ತು.)

ಕಾರ್ಡಿನ ಪಕ್ಕದ ಲಾಕ್ ಸರಿಸಿ ರೀಡರ್‌ಗೆ ಹಾಕಿದೆ. ನೇರ ಕಾರ್ಡಿನ ಮೇಲೆ ಕೆಲಸ ಮಾಡದೆ ಮೊದಲು ಪೂರ್ತಿ ನಕಲು ತೆಗೆದೆ. ನನ್ನ ಲಿನಕ್ಸ್‌ನಲ್ಲಿ ಕಾರ್ಡ್ `sdb` ಅಂತ ಕಾಣಿಸಿತ್ತು:

```
sudo ddrescue /dev/sdb card.img card.map
```

ಆಮೇಲೆ ಆ ನಕಲಿನ ಮೇಲೆ `PhotoRec` ಓಡಿಸಿ, `Whole` ಆರಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿದೆ. ಅದಕ್ಕೆ ಪಟ್ಟಿ ಬೇಕಿಲ್ಲ. ಜೆಪೆಗ್ ಫೋಟೋ ಶುರುವಾಗುವ `FF D8 FF` ಎಂಬ ಗುರುತನ್ನು ಹುಡುಕಿಕೊಂಡು ಹೋಗುತ್ತದೆ. ಹಳೆಯ ಹೆಸರುಗಳು ಮಾತ್ರ ಸಿಗಲ್ಲ. `f` ಆದಮೇಲೆ ಒಂದು ಸಂಖ್ಯೆ, ಅಷ್ಟೇ.

ನನಗೆ ಇಷ್ಟವಾಗುವುದು ಆ ಸಂಖ್ಯೆಯೇ. ಫೋಟೋ ಯಾವ ಸೆಕ್ಟರ್‌ನಿಂದ ಶುರುವಾಯಿತು ಅನ್ನುವುದನ್ನು ಅದು ಹೇಳುತ್ತದೆ. ಒಂದು ಸೆಕ್ಟರ್ 512 ಬೈಟ್. 700 ಎಂಬಿ ಅಂದರೆ ಹತ್ತಿರಹತ್ತಿರ 14 ಲಕ್ಷ ಸೆಕ್ಟರ್. ಫೋಲ್ಡರ್ ತೆಗೆದು ನೋಡಿದರೆ ಅಲ್ಲಿಯವರೆಗೂ ತೊಟ್ಟಿಲು, ಮಗು, ಅಜ್ಜಿ. 14 ಲಕ್ಷ ದಾಟಿದ ಮೇಲೆ ಮದುವೆ ಮನೆ! ಗಡಿಯಲ್ಲಿದ್ದ ಒಂದು ಫೋಟೋದ ತಲೆ ಹೋಗಿ ಬಾಲ ಉಳಿದಿರಬೇಕು. ಶುರುವಿನ ಗುರುತೇ ಇಲ್ಲದ್ದರಿಂದ ಅದು ಸಿಗಲಿಲ್ಲ.

ಒಂದು ಫೋಟೋ ಸುಮಾರು 8 ಎಂಬಿ. ಹೋದದ್ದು ಎಂಬತ್ತೈದು ತೊಂಬತ್ತು ಇರಬಹುದು. ಅರಿಶಿನ ಹಚ್ಚಿದ್ದು ಬಹುತೇಕ ಅದರಲ್ಲೇ ಹೋಯಿತು. ಅಕ್ಕಿಕಾಳಿನಿಂದ ಊಟದ ಪಂಕ್ತಿಯವರೆಗೆ ಎಲ್ಲ ಬಂತು.

"ಅರಿಶಿನಕ್ಕೆ ಏನ್ ಮಾಡ್ಲಿ ಅಣ್ಣಾ?"

ಹುಡುಗಿಯ ಕಡೆಯವರು ಮೊಬೈಲಲ್ಲಿ ತೆಗೆದಿರ್ತಾರೆ, ಕೇಳು ಅಂದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಸೈಜ್ ಕುಗ್ಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳು ಅಂತಲೂ ಸೇರಿಸಿದೆ.