ಇಂಪ್ರೆಶನ್ ಶೇರ್ ಚೆನ್ನಾಗಿದೆ, ಫೋನ್ ಮಾತ್ರ ಬರ್ತಿಲ್ಲ

"ಇಂಪ್ರೆಶನ್ ಶೇರ್ 70 ಪರ್ಸೆಂಟ್ ಇದೆ ಸಾರ್, ಜಾಹೀರಾತಿಗೆ ಏನೂ ಆಗಿಲ್ಲ." ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹೋಮ್‌ಸ್ಟೇಯ ಯಜಮಾನರಿಗೆ, ಅವರ ಗೂಗಲ್ ಆಡ್ಸ್ ನೋಡಿಕೊಳ್ಳುವ ಹುಡುಗ ಈ ವಾರ ಫೋನಿನಲ್ಲಿ ಹೇಳಿದ ಮಾತು. ಜೋಗ ತುಂಬಿ ಧುಮುಕುವ ಕಾಲ, ವಿಚಾರಿಸುವ ಫೋನು ಮಾತ್ರ ಇಲ್ಲ. "ಏನೂ ಆಗದೇ ಇದ್ರೆ ಜನ ಎಲ್ಲಿ ಹೋದ್ರು ಮಾರಾಯ?" ಎಂದರು ಯಜಮಾನರು. ಹುಡುಗ ಅದೇ 70ನ್ನು ಮತ್ತೆ ಹೇಳಿದ.

ಅವನು ಸುಳ್ಳು ಹೇಳಲಿಲ್ಲ. ಆ ಅಂಕಿ ನಿಜವೇ, ತೊಂದರೆ ಇರುವುದೂ ಅಲ್ಲೇ. ಸ್ಪರ್ಧೆಗೆ ಇಳಿಯುವ ಅರ್ಹತೆ ಇದ್ದ ಕಡೆ ಎಷ್ಟು ಸಲ ಕಾಣಿಸಿಕೊಂಡೆವು ಎಂಬುದಷ್ಟೇ ಇಂಪ್ರೆಶನ್ ಶೇರ್. ತಿರಸ್ಕೃತವಾದ ಜಾಹೀರಾತಿಗೆ ಆ ಅರ್ಹತೆಯೇ ಇಲ್ಲ, ಹಾಗಾಗಿ ಅದು ಕಳೆದುಕೊಂಡದ್ದು ಲೆಕ್ಕಕ್ಕೇ ಬರುವುದಿಲ್ಲ. ಬಜೆಟ್ಟಿನಿಂದ ಕಳೆದದ್ದು, ರ‍್ಯಾಂಕಿನಿಂದ ಕಳೆದದ್ದು ಎಂಬ ಎರಡು ಕಾಲಂಗಳಲ್ಲೂ ಅದು ಸಿಗದು. ಮೂರು ಆಡ್ ಗ್ರೂಪಿನಲ್ಲಿ ಎರಡು ಸತ್ತರೂ ಉಳಿದ ಒಂದರ ಶೇರ್ ಚೆನ್ನಾಗೇ ಕಾಣುತ್ತದೆ.

ಇಲ್ಲಿ ಆದದ್ದೂ ಅದೇ. ಎರಡು ವಾರದ ವರದಿಯನ್ನು ಜಾಹೀರಾತಿನ ಮಟ್ಟದಲ್ಲಿ, ದಿನವಾರು ಬಿಡಿಸಿ ನೋಡಿದರೆ ಚಿತ್ರ ಬೇರೆ. ಒಟ್ಟು ದಿನಕ್ಕೆ 600ರ ಆಸುಪಾಸು ಇದ್ದ ಇಂಪ್ರೆಶನ್ ಬುಧವಾರ 380ಕ್ಕೆ, ಶುಕ್ರವಾರ 140ಕ್ಕೆ ಇಳಿದಿದೆ. ಬುಧವಾರ ಒಂದು ಜಾಹೀರಾತು ಸೊನ್ನೆ, ಶುಕ್ರವಾರ ಇನ್ನೊಂದು ಸೊನ್ನೆ. ಬೇಡಿಕೆ ಕಮ್ಮಿಯಾದರೆ ಎಲ್ಲವೂ ಸ್ವಲ್ಪ ಸ್ವಲ್ಪ ಇಳಿಯಬೇಕಿತ್ತು. ಒಂದೊಂದೇ ಪೂರ್ತಿ ನಿಂತಿದ್ದರೆ ಮೊದಲು ಸ್ಟೇಟಸ್ ನೋಡಬೇಕು. Eligible (limited) ಅಂತಿದ್ದರೆ ನಿರ್ಬಂಧದೊಳಗೆ ಓಡುತ್ತಿರುತ್ತದೆ, ಪೂರ್ತಿ ನಿಂತಿರುವುದಿಲ್ಲ. ಇಲ್ಲಿದ್ದದ್ದು Disapproved, ಕಾರಣ Destination not working, ವಿವರದಲ್ಲಿ HTTP 403, ಅಂದರೆ ಒಳಗೆ ಬಿಡುವುದಿಲ್ಲ ಎಂದು ಸರ್ವರ್ ಕೊಡುವ ಉತ್ತರ.

"ಸೈಟ್ ನಮ್ಮನೇಲಿ ಓಪನ್ ಆಗ್ತದಲ್ಲ!" ಎಂದು ಯಜಮಾನರು ಮೊಬೈಲ್ ಹಿಡಿದು ತೋರಿಸಿದರು. ಆಗುತ್ತದೆ. ಆದರೆ ಜಾಹೀರಾತು ಒಯ್ಯುವ ಪುಟವನ್ನು ಪರೀಕ್ಷಿಸಲು ಬರುವ ಗೂಗಲ್ ಬಾಟ್ AdsBot-Google ಹೊರದೇಶದ ಸರ್ವರಿನಿಂದಲೂ ಬರುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವರು ಸೋಮವಾರ ಫೈರ್‌ವಾಲ್ ಹಾಕಿ ಭಾರತದ ಹೊರಗಿನವರನ್ನೆಲ್ಲ ತಡೆದಿದ್ದರು. ಮೂರೂ ಜಾಹೀರಾತಿನ ಪುಟಗಳ ಮರುಪರೀಕ್ಷೆ ಒಂದೇ ದಿನ ಆಗದ್ದರಿಂದ ಕುಸಿತ ಮೆಟ್ಟಿಲು ಮೆಟ್ಟಿಲಾಗಿ ಕಂಡಿತು. ಸರ್ವರಿನ ಆಕ್ಸೆಸ್ ಲಾಗಿನಲ್ಲಿ AdsBot-Google ಹೆಸರಿನ ಮುಂದೆ 403 ಸಾಲಾಗಿ ನಿಂತಿತ್ತು. Change historyಯಲ್ಲಿ ಇದರ ಸುಳಿವೂ ಇಲ್ಲ, ಯಾಕಂದರೆ ಅದು ಖಾತೆಯೊಳಗಿನ ಬದಲಾವಣೆಯನ್ನಷ್ಟೇ ಬರೆದಿಡುತ್ತದೆ. ಕುಸಿತಕ್ಕೆ ಮುಂಚೆ ಅಲ್ಲಿ ಏನೂ ಇಲ್ಲದಿದ್ದರೆ ಕಾರಣ ಹೊರಗಿದೆ ಎಂದೇ ಹುಡುಕಬೇಕು.

ಕುಸಿತದ ನಂತರದ ಸಾಲುಗಳು ಮಾತ್ರ ಬೇಕಾದಷ್ಟಿದ್ದವು. ಶುಕ್ರವಾರ ರಾತ್ರಿ ಬಜೆಟ್ 800ರಿಂದ 1500. ಶನಿವಾರ ಟಾರ್ಗೆಟ್ ಸಿಪಿಎ, ಅಂದರೆ ಒಂದು ಕನ್ವರ್ಷನ್ನಿಗೆ, ಇಲ್ಲಿ ಒಂದು ವಿಚಾರಣೆಗೆ, ಸರಾಸರಿ ಎಷ್ಟು ಖರ್ಚಾಗಬೇಕೆಂಬ ಗುರಿ, 300ರಿಂದ 200. ಭಾನುವಾರ ಫೋನ್ ಕರೆಯನ್ನೂ ಕನ್ವರ್ಷನ್ ಎಂದು ಸೇರಿಸಿದ್ದು. ಮೂರರ ಮುಂದೆಯೂ ಆ ಹುಡುಗನದೇ ಲಾಗಿನ್. ಗಾಬರಿಯಲ್ಲಿ ಏನಾದರೂ ಮಾಡಿ ತೋರಿಸಬೇಕು ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ಏನೂ ಆಗಿಲ್ಲ ಎಂದು ಫೋನಿನಲ್ಲಿ ಹೇಳುವವನು ಮೂರು ದಿನದಲ್ಲಿ ಮೂರು ಕಡೆ ಕೈಹಾಕಿದ್ದನ್ನೂ ಹೇಳಬೇಕಿತ್ತು. ಈ ಮೂರೂ, ಎಷ್ಟು ಬಿಡ್ ಹಾಕಬೇಕೆಂದು ತಾನೇ ನಿರ್ಧರಿಸುವ ಬಿಡ್ಡಿಂಗ್ ತಂತ್ರವನ್ನು ಮತ್ತೆ ಕಲಿಕೆಗೆ ತಳ್ಳಬಲ್ಲ ಬದಲಾವಣೆಗಳೇ, ಅದರ ಸ್ಟೇಟಸ್ಸಿನಲ್ಲಿ Learning ಬಂದು ಕೂತಿತ್ತು. ಕಲಿಕೆ ಮುಗಿಯಲು ಸುಮಾರು 50 ಕನ್ವರ್ಷನ್ ತನಕ ಬೇಕಾಗಬಹುದು ಎನ್ನುತ್ತದೆ ಗೂಗಲ್. ವಾರಕ್ಕೆ ಎಂಟು ವಿಚಾರಣೆ ಬರುವ ಖಾತೆಗೆ ಅದು ದೊಡ್ಡ ಸಂಖ್ಯೆ.

ಈ ನಷ್ಟದ ಲಕ್ಷಣವೂ ಬೇರೆ. ಸತ್ತ ಜಾಹೀರಾತು ಸೊನ್ನೆ ತೋರಿಸುತ್ತದೆ. ಕಲಿಕೆಯಲ್ಲಿರುವುದು ಓಡುತ್ತದೆ, ಆದರೆ ಒಂದು ದಿನ ದುಡ್ಡು ಸುರಿದು ಮರುದಿನ ಮುದುಡುತ್ತದೆ, ಪ್ರತಿ ಕ್ಲಿಕ್ಕಿನ ಬೆಲೆ ಏರಿಳಿಯುತ್ತದೆ. ಉಳಿದಿದ್ದ ಮೂರನೇ ಗ್ರೂಪಿನಲ್ಲಿ ಶನಿವಾರದಿಂದ ಕಂಡದ್ದು ಇದೇ. ಬುಧವಾರದಿಂದ ಶುಕ್ರವಾರದವರೆಗಿನ ನಷ್ಟ ಫೈರ್‌ವಾಲಿನದು. ಶನಿವಾರದ ನಂತರ ಎರಡೂ ಸೇರಿಕೊಂಡಿವೆ.

ರಿಪೇರಿಯ ಕ್ರಮವೂ ಮುಖ್ಯ. ಮೊದಲು ಫೈರ್‌ವಾಲಿನಲ್ಲಿ AdsBot-Googleಗೆ ದಾರಿ. ಹೆಸರು ನೋಡಿ ಮಾತ್ರ ಬಿಡಬಾರದು, ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಂಡು ಬರಬಹುದು. ಐಪಿ ವಿಳಾಸ ಯಾರ ಹೆಸರಿಗಿದೆ, ಆ ಹೆಸರು ತಿರುಗಿ ಅದೇ ಐಪಿಗೆ ಹೋಗುತ್ತದೆಯೇ ಎಂದು ರಿವರ್ಸ್ ಡಿಎನ್‌ಎಸ್ ನೋಡಿ ಗೂಗಲ್‌ನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಹೊರದೇಶದ ವಿಪಿಎನ್‌ನಿಂದ ಪುಟ ತೆರೆದು ನೋಡಿ, ತೆರೆದ ಮೇಲಷ್ಟೇ Policy managerನಿಂದ ಮೇಲ್ಮನವಿ. ತಪ್ಪು ಸರಿಯಾಗದೆ ಹಾಕಿದರೆ ಮತ್ತೆ ತಿರಸ್ಕಾರವೇ. ಜಾಹೀರಾತಿನ ಒಕ್ಕಣೆ ಮುಟ್ಟುವ ಅಗತ್ಯವಿಲ್ಲ.

ಟಾರ್ಗೆಟ್ಟನ್ನು ಹಿಂದಕ್ಕೆ 300ಕ್ಕೆ ತಂದು, ಕರೆಯ ಕನ್ವರ್ಷನ್ ತೆಗೆದು, ಬಜೆಟ್ ಹಳೆಯದಕ್ಕೇ ಇಟ್ಟದ್ದು ಒಂದೇ ಸಲಕ್ಕೆ. ಹಿಂದಕ್ಕೆ ತರುವುದೂ ಒಂದು ಬದಲಾವಣೆಯೇ, ದಿನಕ್ಕೊಂದರಂತೆ ಮಾಡಿದರೆ ಕಲಿಕೆ ಮುಗಿಯುವುದೇ ಇಲ್ಲ. ಈಗ ಮುಂದಿನ ವಾರದ ತನಕ ಯಾರೂ ಏನೂ ಮುಟ್ಟುವಂತಿಲ್ಲ. ಜನ ಇವತ್ತು ಕ್ಲಿಕ್ ಮಾಡಿ ಮೂರ್ನಾಲ್ಕು ದಿನ ಬಿಟ್ಟು ರೂಮು ಕೇಳುವುದರಿಂದ ಇತ್ತೀಚಿನ ದಿನಗಳ ಅಂಕಿ ಯಾವಾಗಲೂ ಕಮ್ಮಿಯೇ ಕಾಣುತ್ತದೆ ಎಂದು ಯಜಮಾನರಿಗೂ ಹೇಳಿಯಾಗಿದೆ. ಹುಡುಗ ಮತ್ತೆ 70 ಪರ್ಸೆಂಟ್ ಅಂದರೆ ಕೇಳಬೇಕಾದದ್ದು ಒಂದೇ: "ಮೂರರಲ್ಲಿ ಎಷ್ಟು ಜಾಹೀರಾತು ಓಡ್ತಾ ಇದೆ?"