ಟಚಪ್ ಮಾಡದ ಮದುವೆ ಫೋಟೋ ಕೇಳುವಾಗ

"ಮದುವೆ ಫೋಟೋ ಬಂದಿವೆ, ಚೆನ್ನಾಗಿವೆ. ಆದರೆ ಎಡಿಟ್ ಮಾಡದ ಒರಿಜಿನಲ್‌ಗಳೂ ಬೇಕು. ಫೋಟೋಗ್ರಾಫರ್‌ಗೆ ಬೇಜಾರಾಗದ ಹಾಗೆ ಹೇಗೆ ಬರೆಯಲಿ?"

ಮೊದಲು, ಯಾವ ಒರಿಜಿನಲ್ ಬೇಕು ಅಂತ ನೀವೇ ಗಟ್ಟಿ ಮಾಡಿಕೊಳ್ಳಿ. ನಾನು ಮದುವೆ ಫೋಟೋ ತೆಗೆಯುವವನು. ನನಗೆ ಬರುವ ಪತ್ರಗಳು ಎಡವುವುದು ಇಲ್ಲೇ.

ಕ್ಯಾಮೆರಾದಿಂದ ಬರುವುದು ರಾ ಫೈಲ್. ಅದು ಮಂಕಾಗಿ ಕಾಣುತ್ತದೆ, ಅದಕ್ಕೆಂದೇ ಇರುವ ಸಾಫ್ಟ್‌ವೇರ್ ಇಲ್ಲದೆ ಸರಿಯಾಗಿ ತೆರೆಯುವುದೂ ಕಷ್ಟ. ಅದರ ಬೆಳಕು, ಬಣ್ಣ ಸರಿ ಮಾಡುವುದು ಮುಂದಿನ ಕೆಲಸ. ಚರ್ಮ ನುಣುಪು ಮಾಡುವುದು, ಕಲೆ ಅಳಿಸುವುದು ಎಲ್ಲ ಅದಾದ ಮೇಲೆ. ಜನರಿಗೆ ನಿಜಕ್ಕೂ ಬೇಕಿರುವುದು ಹೆಚ್ಚಾಗಿ ಈ ನಡುವಿನ ಫೋಟೋ. ಬಣ್ಣ ಸರಿ ಇರುತ್ತದೆ, ಮುಖ ಮುಟ್ಟಿರುವುದಿಲ್ಲ.

ಒಬ್ಬ ಮದುಮಗಳು "ಎಲ್ಲ ರಾ ಫೈಲ್ ಕೊಡಿ" ಅಂತ ಬರೆದಿದ್ದರು. ಸುಮಾರು 4,000 ಫೋಟೋ, ಒಂದೊಂದೂ 30 ಎಂಬಿ. ಒಟ್ಟು 120 ಜಿಬಿ! ಯಾಕೆ ಬೇಕು ಅಂತ ಕೇಳಿದೆ. ಅವರ ಅಪ್ಪನ ಕೆನ್ನೆಯ ಮಚ್ಚೆಯನ್ನು ನಾನು ಅಳಿಸಿಬಿಟ್ಟಿದ್ದೆ. ಅದು ನನ್ನದೇ ತಪ್ಪು. ಅವರಿಗೆ ಬೇಕಿದ್ದದ್ದು ಅಪ್ಪ ಇರುವ 38 ಫೋಟೋ ಮಾತ್ರ. ಬಣ್ಣ ಸರಿ ಮಾಡಿದ ಪ್ರತಿ ನನ್ನ ಹತ್ತಿರ ಹಾಗೇ ಇತ್ತು, ಅರ್ಧ ಗಂಟೆಯಲ್ಲಿ ಕಳಿಸಿದೆ.

ಹಾಗಾಗಿ ಹೀಗೆ ಬರೆಯಿರಿ:

"ನಮಸ್ಕಾರ ಸರ್. ಫೋಟೋಗಳು ತಲುಪಿದವು, ಮನೆಯವರಿಗೆಲ್ಲ ಇಷ್ಟವಾದವು. ಇವುಗಳ ಜೊತೆಗೆ, ಕೆಳಗೆ ಬರೆದ ನಂಬರಿನ ಫೋಟೋಗಳ ಇನ್ನೊಂದು ಪ್ರತಿ ಬೇಕಿತ್ತು. ಬೆಳಕು, ಬಣ್ಣ ನೀವು ಮಾಡಿದ ಹಾಗೇ ಇರಲಿ, ಮುಖದ ಟಚಪ್ ಮಾತ್ರ ಬೇಡ. ಪೂರ್ತಿ ಸೈಜಿನ ಜೆಪಿಜಿ ಸಾಕು. ಫೈಲ್ ಹೆಸರು ಬದಲಾಯಿಸಬೇಡಿ. ಅಪ್ಪನ ಮುಖ ಇದ್ದ ಹಾಗೆ ನಮ್ಮ ಹತ್ತಿರ ಉಳಿಯಲಿ ಅಂತ ಕೇಳುತ್ತಿದ್ದೇನೆ. ಇದಕ್ಕೆ ಬೇರೆ ಹಣ ಆಗುವುದಾದರೆ ಮೊದಲೇ ತಿಳಿಸಿ."

ಕಾರಣ ಬರೆಯುವುದು ಮುಖ್ಯ. ಕಾರಣ ಇಲ್ಲದಿದ್ದರೆ ನಮಗೆ ಬರುವ ಮೊದಲ ಅನುಮಾನ, ಬೇರೆಯವರ ಹತ್ತಿರ ಎಡಿಟ್ ಮಾಡಿಸಿ ನಮ್ಮ ಹೆಸರಲ್ಲಿ ಹಾಕುತ್ತಾರೇನೋ ಅಂತ. ಫೈಲ್ ಹೆಸರು ಯಾಕೆ ಅಂದರೆ, ಎರಡೂ ಕಡೆ `DSC_4217` ಅಂತಲೇ ಇದ್ದರೆ ಜೋಡಿ ಹುಡುಕುವುದು ಸುಲಭ, ಅಲ್ವಾ?

ಬಂದ ಮೇಲೆ ಒಂದು ಫೋಟೋದ ಅಳತೆ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಪೂರ್ತಿ ಫೋಟೋ ಸುಮಾರು 6000 x 4000 ಇರುತ್ತದೆ. ಕತ್ತರಿಸಿದ್ದರೆ ಸ್ವಲ್ಪ ಕಡಿಮೆ. 1600ರ ಆಸುಪಾಸಿನಲ್ಲಿದ್ದರೆ ಅದು ಕುಗ್ಗಿಸಿದ ಪ್ರತಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೂ ಹೀಗೇ ಕುಗ್ಗುತ್ತದೆ. ಲಿಂಕ್ ಅಥವಾ ಪೆನ್‌ಡ್ರೈವ್ ಕೇಳಿ.

ರಾ ಫೈಲ್‌ಗಳೇ ಬೇಕು ಅನ್ನುವವರು ಮದುವೆಗೆ ಮುಂಚೆ, ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಕೊಡದವರೇ ಜಾಸ್ತಿ. ಟಚಪ್ ಇಲ್ಲದ ಪ್ರತಿಯನ್ನಾದರೂ ಫೋಟೋ ಕೈಗೆ ಬಂದ ವಾರದಲ್ಲೇ ಕೇಳಿಬಿಡಿ. ಕೆಲವು ತಿಂಗಳಾದ ಮೇಲೆ ಡಿಸ್ಕ್‌ನಲ್ಲಿ ಜಾಗ ಸಾಲದೆ ಹಳೆಯ ಮದುವೆಗಳನ್ನು ಅಳಿಸುವವರಿದ್ದಾರೆ.