ಕಾರು ಕಲಿಕೆ, 22ನೇ ದಿನ: ಟೆಸ್ಟ್‌ಗೆ ಮುಂಚಿನ ಕೊನೇ ಸ್ಲಾಟ್

ಇವತ್ತು ಕಾರು ಮುಟ್ಟಲಿಲ್ಲ. ಸಂಜೆ ಡ್ರೈವಿಂಗ್ ಸ್ಕೂಲ್ ಸರ್ ಕಳಿಸಿದ ಮೆಸೇಜ್ ಓದಿ, ಫೈಲ್ ಜೋಡಿಸಿಟ್ಟಿದ್ದೇ ದೊಡ್ಡ ಕೆಲಸ. ಮೆಸೇಜ್ ಹೀಗಿತ್ತು:

"ಮೇಡಂ, ಜುಲೈ 9ಕ್ಕೆ ಬೆಳಿಗ್ಗೆ 6.30ರಿಂದ 7.15ರವರೆಗೆ ನಿಮ್ಮ ಪ್ರಾಕ್ಟೀಸ್ ಸ್ಲಾಟ್ ಕನ್ಫರ್ಮ್. 6.15ಕ್ಕೇ ಬನ್ನಿ. ಆಮೇಲೆ ಅದೇ ಕಾರಲ್ಲಿ ಟೆಸ್ಟ್‌ಗೆ ಹೋಗೋಣ. ಎಲ್‌ಎಲ್ ಪ್ರಿಂಟ್, ಟೆಸ್ಟ್ ಸ್ಲಾಟ್ ಬುಕ್ ಆದ ಚೀಟಿ, ಆಧಾರ್ ಒರಿಜಿನಲ್ ಮತ್ತು ಜೆರಾಕ್ಸ್ ತನ್ನಿ. ಕನ್ನಡಕ ಮರೀಬೇಡಿ. ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ನಂದು. ಬರೋದು ಪಕ್ಕಾ ಅಂತ ರಿಪ್ಲೈ ಮಾಡಿ."

ಮೊದಲು ದಿನ ಲೆಕ್ಕ ಹಾಕಿದೆ. ಎಲ್‌ಎಲ್ ಸಿಕ್ಕು 30 ದಿನ ಆದ ಮೇಲೇ ಡಿಎಲ್ ಟೆಸ್ಟ್ ಕೊಡಬಹುದು, ಎಲ್‌ಎಲ್ ಆರು ತಿಂಗಳಷ್ಟೇ ನಡೆಯುತ್ತದೆ. ನನ್ನದು ಜೂನ್ 3ರದ್ದು, ಅಂದರೆ ಟೆಸ್ಟ್ ದಿನಕ್ಕೆ 36 ದಿನ, ಸರಿಯಾಗಿದೆ. ಆದರೆ ಎಲ್‌ಎಲ್ ಇದ್ದದ್ದು ಫೋನಿನಲ್ಲಿ ಮಾತ್ರ! ಇಷ್ಟು ದಿನ ಅದನ್ನೇ ತೋರಿಸಿಕೊಂಡು ಓಡಾಡಿದ್ದೆ. ಸಾರಥಿ ಪೋರ್ಟಲ್‌ನಿಂದ ಮತ್ತೆ ಇಳಿಸಿಕೊಂಡು, ಅಂಗಡಿ ಮುಚ್ಚೋಕೆ ಮುಂಚೆ ಎರಡು ಪ್ರಿಂಟ್ ಹಾಕಿಸಿಕೊಂಡು ಬಂದೆ.

ಕಾಲು ಗಂಟೆ ಮುಂಚೆ ಯಾಕೆ ಅಂತ ಫೋನ್ ಮಾಡಿ ಕೇಳಿದೆ. "ಸೀಟು, ಕನ್ನಡಿ ಸರಿ ಮಾಡ್ಕೊಳ್ಳೋದ್ರಲ್ಲೇ ನೀವು ಹತ್ತು ನಿಮಿಷ ಕಳೀತೀರ ಮೇಡಂ" ಅಂದರು. ನಿಜವೇ. ನಾನು ಗಿಡ್ಡ, ನನಗಿಂತ ಮುಂಚೆ ಕೂತವರು ಯಾವಾಗಲೂ ಆರಡಿಯವರು.

ಮನೆ ಕಾರಲ್ಲೇ ಟೆಸ್ಟ್ ಕೊಡ್ಲಾ ಅಂತಲೂ ಕೇಳಿದೆ, ಅಪ್ಪನಿಗೆ ಅದೇ ಆಸೆ. ಬೇಡವೇ ಬೇಡ ಅಂದರು. ಮನೆ ಕಾರಿನ ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ ಹಿಡಿಯುತ್ತದೆ, ಸ್ಕೂಲ್ ಕಾರಿನದ್ದು ಸ್ವಲ್ಪ ಎತ್ತಿದ ಕೂಡಲೇ. ಈ ವ್ಯತ್ಯಾಸ ಸಮತಟ್ಟು ರಸ್ತೆಯಲ್ಲಿ ಗೊತ್ತಾಗಲ್ಲ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರುವುದು ಅಥವಾ ಆಫ್ ಆಗುವುದು ಇದರಿಂದಲೇ. ಕಳೆದ ವಾರ ನಾನು ಮೂರು ಸಲ ಜಾರಿದ್ದು ಹ್ಯಾಂಡ್‌ಬ್ರೇಕ್ ಬೇಗ ಇಳಿಸಿದ್ದಕ್ಕೆ. ಈಗ ಕ್ಲಚ್ ನಿಧಾನ ಎತ್ತುತ್ತೇನೆ, ಎಂಜಿನ್ ಸದ್ದು ತಗ್ಗಿ ಬಾನೆಟ್ ಒಂಚೂರು ಮೇಲೆದ್ದ ಹಾಗೆ ಆದಾಗ ಕಾಲು ಅಲ್ಲೇ ನಿಲ್ಲಿಸಿ, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್. ಕೊನೇ ಐದು ಸಲದಲ್ಲಿ ನಾಲ್ಕು ಸಲ ಜಾರಲಿಲ್ಲ.

ಹಾಗಾಗಿ 45 ನಿಮಿಷದಲ್ಲಿ ಮೊದಲು ಏರು, ಆಮೇಲೆ ರಿವರ್ಸ್‌ನಲ್ಲಿ ಎಚ್. ಎಂಟರ ಆಕಾರ ಕೈಗೆ ಬಂದಿದೆ, ಬಿಟ್ಟುಬಿಡೋಣ ಅಂತ ಇಬ್ಬರೂ ಒಪ್ಪಿಕೊಂಡೆವು. ಫೇಲ್ ಆದರೆ ಏಳು ದಿನ ಕಾದು ಮತ್ತೆ ಕೊಡಬೇಕು, ರಜಾ ಬೇರೆ ಉಳಿದಿಲ್ಲ.

"ಪಕ್ಕಾ ಸರ್, 6.15ಕ್ಕೆ ಅಲ್ಲಿರ್ತೀನಿ" ಅಂತ ರಿಪ್ಲೈ ಹಾಕಿ, ಕನ್ನಡಕದ ಡಬ್ಬಿ ಫೈಲ್ ಮೇಲೇ ಇಟ್ಟಿದ್ದೇನೆ.